ತಿಂಗಳ ನಡುವೆ ಸೇರಿದರೆ ಪಗಾರ ಎಷ್ಟು? ದಿನ ಎಣಿಸುವ ಸರಿಯಾದ ರೀತಿ

ಈ ಫೆಬ್ರುವರಿಯಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸಕ್ಕೆ ಸೇರಿದ. ಶಿವರಾತ್ರಿಯ ಮರುದಿನ, 16ನೇ ತಾರೀಖು, ಸೋಮವಾರ. ತಿಂಗಳಿಗೆ 24,000 ಪಗಾರ. ಮಾರ್ಚ್ ಮೊದಲ ವಾರ ಪಗಾರದ ಚೀಟಿ ಹಿಡಿದು ಬಂದ. "ಕಾಕಾ, ಅರ್ಧ ತಿಂಗಳದ್ದು ಹನ್ನೆರಡು ಸಾವಿರ ಬರಬೇಕಿತ್ರಿ, ಒಂಬತ್ತು ಸಾವಿರದ ಆರ್ನೂರ ಬಂದೈತಿ."

ಚೀಟಿ ನೋಡಿದ ಕೂಡಲೇ ತಪ್ಪು ಕಾಣಿಸಿತು. ನಾನು ಹನ್ನೆರಡು ವರ್ಷ ಸಣ್ಣ ಕಾರ್ಖಾನೆಗಳ ಪಗಾರದ ಲೆಕ್ಕ ಬರೆದವನು, ಇದೇ ತಪ್ಪನ್ನು ಎಷ್ಟು ಸಲ ನೋಡಿದ್ದೇನೋ! ಹಾಗಾಗಿ ಅವನದೇ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ದಿನ ಎಣಿಸಿ. 28ರಲ್ಲಿ 16 ಕಳೆದರೆ 12. ಆದರೆ ಅವನ ಹೆಸರು ಕೆಲಸದ ಪಟ್ಟಿಯಲ್ಲಿದ್ದದ್ದು 13 ದಿನ, ಯಾಕೆಂದರೆ ಸೇರಿದ ದಿನವೂ ಲೆಕ್ಕಕ್ಕೆ ಬರಬೇಕು. ಎಕ್ಸೆಲ್‌ನಲ್ಲಿ ತಾರೀಖಿನಿಂದ ತಾರೀಖು ಕಳೆಯುವವರು ಈ ಒಂದು ದಿನ ಮರೆಯುತ್ತಾರೆ. B2ರಲ್ಲಿ ಸೇರಿದ ದಿನ, C2ರಲ್ಲಿ ತಿಂಗಳ ಕೊನೆಯ ದಿನ ಇದ್ದರೆ ಹೀಗೆ ಬರೆಯಿರಿ:

```
=C2-B2+1
```

ಆಮೇಲೆ ಯಾವುದರಿಂದ ಭಾಗಿಸಬೇಕು ಅಂತ ಕೇಳಿ. ಅಸಲಿ ಗಡಿಬಿಡಿ ಇರುವುದು ಇಲ್ಲೇ. ಚಾಲ್ತಿಯಲ್ಲಿ ನಾಲ್ಕು ರೀತಿ ಇವೆ. ಕ್ಯಾಲೆಂಡರಿನಲ್ಲಿ ಆ ತಿಂಗಳಿಗೆ ಎಷ್ಟು ದಿನವೋ ಅಷ್ಟು. ಯಾವ ತಿಂಗಳಾದರೂ 30. ಯಾವ ತಿಂಗಳಾದರೂ 26, ಅಂದರೆ ಐತವಾರದ ಸೂಟಿ ಬಿಟ್ಟು. ಗ್ರಾಚ್ಯುಟಿ ಲೆಕ್ಕದಲ್ಲೂ ಇದೇ 26 ಬರುತ್ತದೆ. ಕೊನೆಯದು, ಆ ತಿಂಗಳಲ್ಲಿ ನಿಜವಾಗಿ ಇದ್ದ ಕೆಲಸದ ದಿನ. 2026ರ ಫೆಬ್ರುವರಿಯಲ್ಲಿ ನಾಲ್ಕು ಐತವಾರ ತೆಗೆದರೆ 24.

ನಮ್ಮ ಹುಡುಗನಿಗೆ ಕ್ಯಾಲೆಂಡರ್ ಲೆಕ್ಕದಲ್ಲಿ 24,000 ಭಾಗ 28, ಗುಣಿಸು 13, ಅಂದರೆ 11,143 ರೂಪಾಯಿ. 30ರ ಲೆಕ್ಕದಲ್ಲಿ ದಿನಕ್ಕೆ 800ರಂತೆ 13 ದಿನಕ್ಕೆ 10,400. 26ರ ಲೆಕ್ಕದಲ್ಲಿ ಐತವಾರ ಸೇರಿಸುವಂತಿಲ್ಲ, 22ನೇ ತಾರೀಖು ಬಿಟ್ಟು 12 ದಿನ, 11,077. ನಿಜವಾದ ಕೆಲಸದ ದಿನದ ಲೆಕ್ಕದಲ್ಲಿ ದಿನಕ್ಕೆ 1,000ದಂತೆ 12 ದಿನಕ್ಕೆ 12,000. ಒಬ್ಬನೇ ಮನುಷ್ಯ, ಒಂದೇ ತಾರೀಖು, ನಾಲ್ಕು ಮೊತ್ತ. ಇವುಗಳಲ್ಲಿ ಯಾವುದನ್ನೂ ಮೋಸ ಅನ್ನುವುದಕ್ಕೆ ಆಗುವುದಿಲ್ಲ, ಮೊದಲೇ ಹೇಳಿದ್ದರೆ ಮತ್ತು ಎಲ್ಲರಿಗೂ ಒಂದೇ ರೀತಿ ಹಾಕಿದರೆ.

ಹಾಗಾದರೆ 9,600 ಎಲ್ಲಿಂದ ಬಂತು? ಮೇಲೆ ಕೆಲಸದ ದಿನ 12 ಹಾಕಿ, ಕೆಳಗೆ 30 ಇಟ್ಟು ಭಾಗಿಸಿದ್ದರು. ಮೇಲಿನ ದಿನಗಳಲ್ಲಿ ಐತವಾರ ಇಲ್ಲ, ಕೆಳಗಿನದರಲ್ಲಿ ಇದೆ. ಇದು ಮಾತ್ರ ಶುದ್ಧ ತಪ್ಪು. ಕೆಳಗೆ ಸೂಟಿ ಸೇರಿದ್ದರೆ ಮೇಲೂ ಸೇರಬೇಕು, ಕೆಳಗೆ ಇಲ್ಲದಿದ್ದರೆ ಮೇಲೂ ಬೇಡ. ನಿಮ್ಮ ಚೀಟಿಯಲ್ಲಿ ಬೇರೇನೂ ನೋಡದಿದ್ದರೂ ಇದೊಂದನ್ನು ನೋಡಿ. ಬಂದ ಮೊತ್ತವನ್ನು ಪೂರ್ತಿ ಪಗಾರದಿಂದ ಭಾಗಿಸಿ 30ರಿಂದ ಗುಣಿಸಿದರೆ ಎಷ್ಟು ದಿನ ಹಿಡಿದಿದ್ದಾರೆ ಅಂತ ಗೊತ್ತಾಗುತ್ತದೆ. ಸರಿಯಾಗಿ ಪೂರ್ಣ ಸಂಖ್ಯೆ ಬರದಿದ್ದರೆ 26, 28 ಅಂತ ಹಾಕಿ ನೋಡಿ. (ಪಿಎಫ್ ಕಡಿತದ ಮುಂಚಿನ ಮೊತ್ತ ತೆಗೆದುಕೊಳ್ಳಿ, ಕೈಗೆ ಬಂದದ್ದಲ್ಲ.)

ಇನ್ನೊಂದು ಮಗ್ಗಲು, ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. 30 ಅಥವಾ 26 ಅಂತ ಒಂದೇ ಸಂಖ್ಯೆ ಹಿಡಿದವರು ಎರಡು ರೀತಿ ಮಾಡುತ್ತಾರೆ: ಕೆಲವರು ಇದ್ದ ದಿನಕ್ಕೆ ಕೊಡುತ್ತಾರೆ, ಕೆಲವರು ಇಲ್ಲದ ದಿನಕ್ಕೆ ಕತ್ತರಿಸುತ್ತಾರೆ. ಸುಮ್ನೆ ಮಾತಿನ ವ್ಯತ್ಯಾಸ ಅನಿಸುತ್ತದೆ, ಅಲ್ವಾ? 30ರ ಲೆಕ್ಕದಲ್ಲೇ ನಮ್ಮ ಹುಡುಗ ಇಲ್ಲದ ದಿನ 15. ಮೂವತ್ತರಲ್ಲಿ ಹದಿನೈದು ಕತ್ತರಿಸಿದರೆ 15 ದಿನದ ಪಗಾರ, 12,000. ಇದ್ದ ದಿನಕ್ಕೆ ಕೊಟ್ಟರೆ 10,400. ತಿಂಗಳಲ್ಲಿ ಇಲ್ಲದೇ ಇರುವ ಆ ಎರಡು ದಿನ ಯಾರ ಜೇಬಿಗೆ ಅನ್ನುವುದೇ 1,600 ರೂಪಾಯಿಯ ಪ್ರಶ್ನೆ.

26ರ ಲೆಕ್ಕದಲ್ಲಿ ಇದು ಇನ್ನೂ ವಿಚಿತ್ರ. ಈ ಸಲ ಫೆಬ್ರುವರಿ 1 ಐತವಾರ. 2ನೇ ತಾರೀಖು ಸೋಮವಾರ ಸೇರಿದವನು ಒಂದೂ ಕೆಲಸದ ದಿನ ತಪ್ಪಿಸಿಲ್ಲ. ಆದರೂ ಇದ್ದ ದಿನಕ್ಕೆ ಕೊಡುವವರು 24ನ್ನು 26ರಿಂದ ಭಾಗಿಸಿ 22,154 ಕೊಡುತ್ತಾರೆ. ಪಕ್ಕದಲ್ಲಿ ಅದೇ 24 ದಿನ ಕೆಲಸ ಮಾಡಿದ ಹಳಬನಿಗೆ ಪೂರ್ತಿ 24,000! ಅದಕ್ಕೇ 1ನೇ ತಾರೀಖು ಸೂಟಿ ಇದ್ದರೆ, ಸೇರುವ ದಿನ 1 ಅಂತಲೇ ನೇಮಕ ಪತ್ರದಲ್ಲಿ ಬರೆಸಿಕೊಳ್ಳಿ. ಕೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ.

ಲೆಕ್ಕ ಬರೆಯುವವರಿಗೆ ನನ್ನ ಮಾತು ಇಷ್ಟೇ, ಕ್ಯಾಲೆಂಡರ್ ದಿನ ಹಿಡಿಯಿರಿ. ಒಂದು ಪರೀಕ್ಷೆ ಮಾಡಿ ನೋಡಿ. ಒಂದೇ ಜಾಗಕ್ಕೆ ಒಬ್ಬ 15ಕ್ಕೆ ಬಿಟ್ಟ, ಇನ್ನೊಬ್ಬ 16ಕ್ಕೆ ಬಂದ, ಇಬ್ಬರಿಗೂ ಅದೇ ಪಗಾರ. ಇಬ್ಬರದೂ ಕೂಡಿಸಿದರೆ ಒಂದು ತಿಂಗಳ ಪಗಾರ ಆಗಲೇಬೇಕು. ಕ್ಯಾಲೆಂಡರ್ ಲೆಕ್ಕದಲ್ಲಿ 15 ಮತ್ತು 13 ಸೇರಿ 28, ಸರಿ ಹೋಯಿತು. 30ರಲ್ಲಿ ಇದ್ದ ದಿನಕ್ಕೆ ಕೊಟ್ಟರೆ ಫೆಬ್ರುವರಿಯಲ್ಲಿ 28 ದಿನದ್ದೇ ಆಯಿತು, 31ರ ತಿಂಗಳಲ್ಲಿ ಒಂದು ದಿನ ಜಾಸ್ತಿ ಆಯಿತು. ನಿಜವಾದ ಕೆಲಸದ ದಿನದ ಲೆಕ್ಕವೂ ಈ ಪರೀಕ್ಷೆ ಪಾಸಾಗುತ್ತದೆ, ಆದರೆ ತಿಂಗಳು ತಿಂಗಳು ಸೂಟಿ ಎಣಿಸುತ್ತ ಕೂರಬೇಕು.

ಮೊಬೈಲಿನಲ್ಲಿ ಸಿಗುವ ಪಗಾರ ಲೆಕ್ಕದ ಆ್ಯಪ್‌ಗಳನ್ನು ನಂಬಬೇಡಿ. ನಾನು ನೋಡಿದ ಎರಡು ಮೂರು, ಕೇಳದೆ ಹೇಳದೆ 30ರಿಂದ ಭಾಗಿಸುತ್ತವೆ. ಸೂತ್ರ ಒಂದೇ ಸಾಲಿನದು. B2 ಪಗಾರ, C2 ತಿಂಗಳ ದಿನ, D2 ಇದ್ದ ದಿನ:

```
=ROUND(B2/C2*D2,0)
```

ದಿನದ ಪಗಾರವನ್ನು ಮೊದಲೇ ರೌಂಡ್ ಮಾಡಬೇಡಿ, ಕೊನೆಗೆ ಒಂದೇ ಸಲ ಮಾಡಿ.

ಕಡಿತಗಳು. ಪಿಎಫ್‌ನ ಶೇ 12 ಹಿಡಿಯಬೇಕಾದ್ದು ಆ ತಿಂಗಳು ಬಂದ ಮೂಲ ವೇತನದ ಮೇಲೆ, ಪೂರ್ತಿ ತಿಂಗಳದ್ದರ ಮೇಲಲ್ಲ. ಇನ್ನು ವೃತ್ತಿ ತೆರಿಗೆ. ಕರ್ನಾಟಕದಲ್ಲಿ ಅದು ತಿಂಗಳಿಗೆ 25,000 ಅಥವಾ ಅದಕ್ಕಿಂತ ಜಾಸ್ತಿ ಬಂದವರಿಗೆ. 28,000ದ ಮನುಷ್ಯನಿಗೆ ಮೊದಲ ತಿಂಗಳು 13,000 ಬಂದರೆ ಕತ್ತರಿಸುವ ಹಾಗಿಲ್ಲ. ರೂಢಿಯಿಂದ 200 ಕತ್ತರಿಸಿದ ಚೀಟಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ಬಿಡುವಾಗ ಲೆಕ್ಕ ಇದೇ, ಉಲ್ಟಾ. 1ನೇ ತಾರೀಖಿನಿಂದ ಕೊನೆಯ ದಿನದವರೆಗೆ, ಆ ದಿನವೂ ಸೇರಿ. ಎಡವುವುದು ಶನಿವಾರ ಬಿಟ್ಟವರು. ಫೆಬ್ರುವರಿ 14 ಅಂತ ರಾಜೀನಾಮೆಯಲ್ಲಿ ಬರೆದರೆ 14 ದಿನ, 15 ಅಂತ ಬರೆದು ಅವರು ಒಪ್ಪಿದರೆ 15. ನಮ್ಮ ಹುಡುಗನ ಪಗಾರಕ್ಕೆ ಆ ಒಂದು ಐತವಾರದ ಬೆಲೆ 857 ರೂಪಾಯಿ. ಮತ್ತೆ, "ಮುಂದಿನ ತಿಂಗಳು ಎಲ್ಲರ ಜೊತೆ ಹಾಕ್ತೀವಿ" ಅಂದರೆ, ಬಿಟ್ಟವರ ಪಗಾರವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ 2019ರ ವೇತನ ಸಂಹಿತೆ ಹೇಳುತ್ತದೆ ಅಂತ ನೆನಪಿಸಿ.

ಹುಡುಗ ಮರುದಿನ ಹೋಗಿ ಜಗಳ ಮಾಡಲಿಲ್ಲ. "12 ದಿನ ಹಿಡಿದಿದ್ದೀರಿ, ಹಾಗಾದರೆ 26ರಿಂದ ಭಾಗಿಸಬೇಕಲ್ರಿ?" ಅಂತ ಒಂದೇ ಮಾತು ಕೇಳಿದ. ಮಾರ್ಚ್ ಚೀಟಿಯಲ್ಲಿ ಬಾಕಿ 1,477 ಬಂತು.