ಪುಟ ಮುಗಿದರೂ ನಮೂದು ಮುಗಿಯದಿದ್ದಾಗ: ಉದ್ದದ ಬ್ಯಾಂಕ್ ಸ್ಟೇಟ್‌ಮೆಂಟನ್ನು ಎಕ್ಸೆಲ್‌ಗೆ ಇಳಿಸುವುದು ಹೇಗೆ?

ಚಿಕ್ಕ ವ್ಯಾಪಾರಿಗಳ ಲೆಕ್ಕ ಬರೆಯುವ ನಮ್ಮಂಥವರ ಕೈಗೆ ಜುಲೈ ತಿಂಗಳಲ್ಲಿ ಬರುವ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳು ಎಷ್ಟೋ ಸಲ ಫೋಟೊಗಳ ರೂಪದಲ್ಲೇ ಇರುತ್ತವೆ. ಮೂವತ್ತು, ನಲವತ್ತು ಪುಟ. ಒಂದೊಂದು ಪುಟಕ್ಕೆ ಒಂದೊಂದು ಚಿತ್ರ. ಅದನ್ನು ಕೈಯಲ್ಲೇ ಟೈಪ್ ಮಾಡಿದರೂ ಸರಿ, ಚಿತ್ರದಿಂದ ಅಕ್ಷರ ತೆಗೆಯುವ ತಂತ್ರಾಂಶಕ್ಕೆ ಕೊಟ್ಟರೂ ಸರಿ, ಪುಟದ ನಡುವಿನ ಭಾಗದಲ್ಲಿ ತಪ್ಪಾಗುವುದು ಕಡಿಮೆ. ತಪ್ಪು ಬಂದು ಕೂರುವುದು ಒಂದು ಪುಟದ ಕೊನೆಯ ಎರಡು ಸಾಲು ಮತ್ತು ಮುಂದಿನ ಪುಟದ ಮೊದಲ ಮೂರು ಸಾಲುಗಳಲ್ಲಿ. ಒಂದೇ ವ್ಯವಹಾರ ಅಲ್ಲಿ ಎರಡು ತುಂಡಾಗಿರುತ್ತದೆ.

ಗೊಂದಲ ಬೇಡವೆಂದು ಎರಡು ಪದಗಳನ್ನು ಬೇರೆ ಮಾಡಿಕೊಳ್ಳುತ್ತೇನೆ. ಕಾಗದದ ಮೇಲೆ ಅಚ್ಚಾದದ್ದು ‘ಸಾಲು’. ಒಂದು ಪೂರ್ತಿ ವ್ಯವಹಾರ ‘ನಮೂದು’. ಯುಪಿಐ ವಿವರ ಉದ್ದವಾಗಿರುವುದರಿಂದ ಒಂದು ನಮೂದಿಗೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಸಾಲು ಹಿಡಿಯುತ್ತದೆ. ಹಾಗಾಗಿಯೇ ಅದು ಪುಟದ ಅಂಚಿನಲ್ಲಿ ಮುರಿಯುತ್ತದೆ.

ಮೊದಲು ಪುಟದ ನಡುವೆ ನೋಡಿ

ಅಂಚಿಗೆ ಹೋಗುವ ಮುಂಚೆ ಯಾವುದಾದರೂ ಪುಟದ ಮಧ್ಯದಲ್ಲಿರುವ, ಮೂರು ಸಾಲಿನ ಒಂದು ನಮೂದನ್ನು ಹಿಡಿಯಿರಿ. ದಿನಾಂಕ ಮತ್ತು ಮೊತ್ತ ಎಷ್ಟನೇ ಸಾಲಿನಲ್ಲಿವೆ? ಕೆಲವು ಬ್ಯಾಂಕುಗಳ ಸ್ಟೇಟ್‌ಮೆಂಟಿನಲ್ಲಿ ಮೊದಲ ಸಾಲಿನಲ್ಲಿ ಇರುತ್ತವೆ. ಕೆಲವದರಲ್ಲಿ ಕೊನೆಯ ಸಾಲಿನಲ್ಲಿ. ಇನ್ನು ಕೆಲವದರಲ್ಲಿ ವಿವರದ ಮಧ್ಯಕ್ಕೆ ಸರಿಯಾಗಿ, ಅಂದರೆ ಮೂರರಲ್ಲಿ ಎರಡನೆಯ ಸಾಲಿಗೆ ಎದುರಾಗಿ ಅಚ್ಚಾಗಿರುತ್ತವೆ. ಈ ಒಂದು ಸಂಗತಿ ಗೊತ್ತಿಲ್ಲದೆ ಅಂಚಿನ ಸಾಲುಗಳನ್ನು ಜೋಡಿಸಲು ಹೋಗಬಾರದು.

ಯಾಕೆಂದರೆ ನಮ್ಮಲ್ಲಿ ಬಹಳ ಜನ ಬಳಸುವ ಸೂತ್ರ ಒಂದೇ: ‘ದಿನಾಂಕವಿಲ್ಲದ ಸಾಲು ಮೇಲಿನ ನಮೂದಿನ ಬಾಲ.’ ಮೊತ್ತ ಮೊದಲ ಸಾಲಿನಲ್ಲಿ ಬರುವ ಸ್ಟೇಟ್‌ಮೆಂಟಿಗೆ ಇದು ಸರಿ. ಮೊತ್ತ ಮಧ್ಯದಲ್ಲಿ ಅಥವಾ ಕೊನೆಯಲ್ಲಿ ಬರುವ ಕಡೆ ಇದೇ ಸೂತ್ರ ಕೈಕೊಡುತ್ತದೆ. ಅಲ್ಲಿ ದಿನಾಂಕವಿಲ್ಲದ ಸಾಲು ಕೆಳಗಿನ ನಮೂದಿನ ತಲೆಯೂ ಆಗಿರಬಹುದು.

ಸಾಲು ಸಾಲಾಗಿಯೇ ಇಳಿಸಿ, ಜೋಡಿಸುವುದು ಆಮೇಲೆ

ಎಕ್ಸೆಲ್ ಹಾಳೆಯಲ್ಲಿ A ಅಂಕಣಕ್ಕೆ ಪುಟ ಸಂಖ್ಯೆ, B ಗೆ ಆ ಪುಟದ ಸಾಲಿನ ಸಂಖ್ಯೆ, C ದಿನಾಂಕ, D ವಿವರ, E ಖರ್ಚು, F ಜಮಾ, G ಶಿಲ್ಕು. ಟೈಪ್ ಮಾಡುತ್ತಾ ಮಾಡುತ್ತಾ ಮನಸ್ಸಿನಲ್ಲೇ ನಮೂದುಗಳನ್ನು ಕೂಡಿಸಿ ಬರೆಯಬೇಡಿ. ಕಾಗದದಲ್ಲಿ ಖಾಲಿ ಇದ್ದದ್ದು ಹಾಳೆಯಲ್ಲೂ ಖಾಲಿ ಇರಲಿ. ಪುಟ ಸಂಖ್ಯೆಯ ಅಂಕಣ ವ್ಯರ್ಥ ಅನ್ನಿಸಬಹುದು. ಆದರೆ ಲೆಕ್ಕ ತಪ್ಪಿದಾಗ ಯಾವ ಚಿತ್ರ ತೆರೆದು ನೋಡಬೇಕು ಎಂದು ಹೇಳುವುದು ಅದೊಂದೇ.

D ಅಂಕಣವನ್ನು ಮೊದಲೇ ‘ಟೆಕ್ಸ್ಟ್’ ಎಂದು ಬದಲಿಸಿಕೊಳ್ಳಿ. ಹನ್ನೆರಡು ಅಂಕಿಯ ಯುಪಿಐ ಸಂಖ್ಯೆ ಒಂದೇ ಕೋಶದಲ್ಲಿ ಬಿದ್ದರೆ ಎಕ್ಸೆಲ್ ಅದನ್ನು 4.22715E+11 ಎಂದು ತೋರಿಸುತ್ತದೆ. ಹದಿನೈದು ಅಂಕಿ ಮೀರಿದ ಸಂಖ್ಯೆಯಾದರೆ ಕೊನೆಯ ಅಂಕಿಗಳನ್ನು ಸೊನ್ನೆಯೇ ಮಾಡಿಬಿಡುತ್ತದೆ. ಆಮೇಲೆ ಅವು ಮರಳಿ ಬರುವುದಿಲ್ಲ.

ಏಳನೆಯ ಪುಟದಿಂದ ಎಂಟಕ್ಕೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಈ ಸ್ಟೇಟ್‌ಮೆಂಟಿನಲ್ಲಿ ಮೊತ್ತ ಬರುವುದು ವಿವರದ ಮಧ್ಯದ ಸಾಲಿಗೆ. ಏಳನೆಯ ಪುಟದ ಕೊನೆಯ ಎರಡು ಸಾಲು ಹಾಳೆಯ 40 ಮತ್ತು 41ರಲ್ಲಿವೆ. ಎಂಟನೆಯ ಪುಟ 42ರಿಂದ ಶುರು.

```
40  14-08-2024  BY CASH                  20000.00  86420.50
41              UPI/DR/4227150
--- ಪುಟ 8 ---
42              B/F                                86420.50
43  14-08-2024  93846/RICE      3150.00            83270.50
44              PAYMENT
45  16-08-2024  NEFT CR                  12000.00  95270.50
```

ಹಳೆಯ ಸೂತ್ರ ಹಿಡಿದರೆ 41ನೆಯ ಸಾಲು ನಗದು ಜಮಾದ ಬಾಲವಾಗಿ ಅಂಟಿಕೊಳ್ಳುತ್ತದೆ. ಆಗ ಇಪ್ಪತ್ತು ಸಾವಿರದ ನಗದು ಜಮಾಕ್ಕೆ ಯುಪಿಐ ಖರ್ಚಿನ ಗುರುತು ಬರುತ್ತದೆ. ಅಕ್ಕಿಗೆ ಕೊಟ್ಟ 3,150 ರೂಪಾಯಿಗೆ ಬರೀ 93846 ಎಂಬ ತಲೆಬುಡವಿಲ್ಲದ ಸಂಖ್ಯೆ ಉಳಿಯುತ್ತದೆ. ಹೀಗೆ ಜೋಡಿಸಿದ ಹಾಳೆಯಲ್ಲಿ ಶಿಲ್ಕು ಮಾತ್ರ ಪೈಸೆಯೂ ಬಿಡದೆ ತಾಳೆಯಾಗುತ್ತದೆ. ವಿವರದ ತುಂಡು ಯಾವ ನಮೂದಿಗೆ ಸೇರಿದರೂ ಮೊತ್ತ ಬದಲಾಗುವುದಿಲ್ಲವಲ್ಲ! ನಾನೇ ಒಮ್ಮೆ ಶಿಲ್ಕು ತಾಳೆಯಾಯಿತೆಂದು ನಂಬಿ ಹಾಳೆ ಮುಗಿಸಿದ್ದೆ. ಯುಪಿಐ ಖರ್ಚನ್ನೆಲ್ಲ ವಿವರದ ಮೇಲೆ ಹುಡುಕಿ ಕೂಡಿಸಿದಾಗ ಮೊತ್ತ ಕಡಿಮೆ ಬಂತು. ಕೊರತೆಯೆಲ್ಲ ಪುಟದ ಅಂಚುಗಳಲ್ಲೇ ಇತ್ತು.

ಹಾಗಾದರೆ ತಲೆ ಯಾವುದು, ಬಾಲ ಯಾವುದು ಎಂದು ತಿಳಿಯುವುದು ಹೇಗೆ? ಮೂರು ಸುಳಿವುಗಳಿವೆ.

ಒಂದು, ಆರಂಭದ ಪದ. ಸ್ಟೇಟ್‌ಮೆಂಟಿನ ಪ್ರತಿ ವಿವರವೂ ಬೆರಳೆಣಿಕೆಯ ಪದಗಳಲ್ಲಿ ಒಂದರಿಂದ ಶುರುವಾಗುತ್ತದೆ: `UPI/`, `NEFT`, `BY CASH`, `ATM`, `CHQ` ಹೀಗೆ. ಒಂದೊಂದು ಬ್ಯಾಂಕಿನದು ಒಂದೊಂದು ಪಟ್ಟಿ, ಮೊದಲ ಎರಡು ಪುಟ ಓದಿದರೆ ಪೂರ್ತಿ ಸಿಗುತ್ತದೆ. ಈ ಪದದಿಂದ ಶುರುವಾದ ಸಾಲು ಯಾವತ್ತೂ ತಲೆ. 41ನೆಯ ಸಾಲು `UPI/` ಎಂದು ಶುರುವಾಗಿದೆ, ಆದ್ದರಿಂದ ಅದು ಹೊಸ ನಮೂದು.

ಎರಡು, ಅಂಕಿಗಳ ಎಣಿಕೆ. ಯುಪಿಐ ಮತ್ತು ಐಎಂಪಿಎಸ್ ಉಲ್ಲೇಖ ಸಂಖ್ಯೆಗೆ 12 ಅಂಕಿ. ನೆಫ್ಟ್‌ನ ಯುಟಿಆರ್ 16 ಅಕ್ಷರ, ಆರ್‌ಟಿಜಿಎಸ್‌ನದು 22. ಏಳನೆಯ ಪುಟದಲ್ಲಿ ಏಳು ಅಂಕಿ ಸಿಕ್ಕಿವೆ, ಎಂಟರಲ್ಲಿ ಐದು. ಕೂಡಿದರೆ ಹನ್ನೆರಡು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಕಿಲ್ಲ. ಇನ್ನೊಂದು ಮಾತು: ಯುಪಿಐ ಸಂಖ್ಯೆಗಳಲ್ಲಿ ಬಹುಪಾಲು ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಮುಂದಿನ ಮೂರು ಅಂಕಿ ಆ ವರ್ಷದ ಎಷ್ಟನೇ ದಿನ ಎಂಬುದು. 4227 ಎಂದರೆ 2024ರ 227ನೆಯ ದಿನ, ಅಂದರೆ ಆಗಸ್ಟ್ 14. ದಿನಾಂಕ ಪಕ್ಕದಲ್ಲಿಲ್ಲದ ತುಂಡಿಗೂ ಹೀಗೆ ದಿನಾಂಕ ಸಿಗುತ್ತದೆ. ಎಲ್ಲ ಸಂಖ್ಯೆಗಳೂ ಹೀಗಿರುವುದಿಲ್ಲವಾದ್ದರಿಂದ ಇದನ್ನು ಬೆಂಬಲಕ್ಕೆ ಮಾತ್ರ ಇಟ್ಟುಕೊಳ್ಳಿ.

ಮೂರು, ಹಿಂದಿನ ಪುಟದಿಂದ ತಂದ ಶಿಲ್ಕು, ಅಂದರೆ B/F. ನಮೂದಿನ ಮೊತ್ತ ಹಳೆಯ ಪುಟದಲ್ಲೇ ಲೆಕ್ಕಕ್ಕೆ ಸೇರಿದ್ದರೆ B/F ಎದುರು 83,270.50 ಇರಬೇಕಿತ್ತು. ಇಲ್ಲಿ 86,420.50 ಇದೆ. ಅಂದರೆ ಮುರಿದ ನಮೂದಿನ ಮೊತ್ತ ಹೊಸ ಪುಟಕ್ಕೆ ಸೇರಿದ್ದು, ಹಳೆಯ ಪುಟದಲ್ಲಿ ಉಳಿದದ್ದು ಅದರ ತಲೆ ಮಾತ್ರ.

ಜೋಡಿಸುವಾಗ

ಈಗ ಮೂರು ತುಂಡನ್ನು ಒಂದು ಮಾಡಬಹುದು. ಮೊತ್ತವಿರುವ 43ನೆಯ ಸಾಲೇ ಉಳಿಯಬೇಕು. ಪಕ್ಕದ ಒಂದು ಖಾಲಿ ಅಂಕಣವನ್ನು ‘ಜನರಲ್’ ಎಂದೇ ಬಿಟ್ಟು, ಅಲ್ಲಿ ಹೀಗೆ ಬರೆಯಿರಿ:

```
=D41&D43&" "&D44
```

ಬಂದದ್ದನ್ನು ನಕಲಿಸಿ, 43ನೆಯ ಸಾಲಿನ D ಯಲ್ಲಿ ‘ವ್ಯಾಲ್ಯೂ’ ಆಗಿ ಅಂಟಿಸಿ. ಆಮೇಲೆ 41 ಮತ್ತು 44ನ್ನು ಅಳಿಸಿ, A ಅಂಕಣದಲ್ಲಿ ‘ಪು. 7, 8’ ಎಂದು ಗುರುತು ಹಾಕಿ. ಬರೀ 7-8 ಎಂದು ಬರೆದರೆ ಎಕ್ಸೆಲ್ ಅದನ್ನು ದಿನಾಂಕ ಮಾಡಿಬಿಡುತ್ತದೆ.

ಮೊದಲ ಎರಡು ತುಂಡಿನ ನಡುವೆ ಜಾಗ ಬಿಟ್ಟಿಲ್ಲ, ಗಮನಿಸಿ. ಅಲ್ಲಿ ಮುರಿದದ್ದು ಒಂದು ಸಂಖ್ಯೆ. ನಡುವೆ ಜಾಗ ಬಿದ್ದರೆ ಮುಂದೆ 422715093846 ಎಂದು ಹುಡುಕಿದವರಿಗೆ ಅದು ಸಿಗುವುದೇ ಇಲ್ಲ. ಎರಡನೆಯ ಕಡೆ ಮುರಿದದ್ದು ಪದಗಳ ನಡುವೆ, ಹಾಗಾಗಿ ಅಲ್ಲಿ ಜಾಗ ಬೇಕು.

B/F ಸಾಲನ್ನು ಈಗಲೇ ಅಳಿಸಬೇಡಿ. ಅದು ವ್ಯವಹಾರವಲ್ಲ, ನಿಜ. ಜಮಾ ಅಂಕಣದ ಕೆಳಗೆ ಅಚ್ಚಾಗಿದ್ದರೆ ಮೊತ್ತವನ್ನು G ಗೆ ಸರಿಸಿ, E ಮತ್ತು F ಖಾಲಿ ಬಿಡಿ. ಮುರಿದ ನಮೂದಿನ ಮೊತ್ತ ಹೊಸ ಪುಟದ್ದಾದರೆ B/F ಅದರ ಮೇಲೆ ಕೂರಬೇಕು, ಹಳೆಯ ಪುಟದ್ದಾದರೆ ಅದರ ಕೆಳಗೆ. ಎಲ್ಲ ತಾಳೆ ಮುಗಿದ ಮೇಲೆ ಒಟ್ಟಿಗೆ ತೆಗೆದರಾಯಿತು. ಪ್ರತಿ ಪುಟದ ಮೇಲೆ ಮತ್ತೆ ಮತ್ತೆ ಬರುವ ಅಂಕಣದ ಹೆಸರುಗಳನ್ನು ಮಾತ್ರ ಮೊದಲೇ ತೆಗೆಯಿರಿ.

ಶಿಲ್ಕು ತಾಳೆ

ಎಲ್ಲ ಅಂಚುಗಳೂ ಜೋಡಣೆಯಾದ ಮೇಲೆ H3 ಯಲ್ಲಿ ಈ ಸೂತ್ರ ಬರೆದು ಕೊನೆಯವರೆಗೂ ಎಳೆಯಿರಿ:

```
=ROUND(G2-E3+F3-G3,2)
```

ಎಲ್ಲ ಕಡೆ 0 ಬರಬೇಕು. ಇದು ಹಳೆಯ ವ್ಯವಹಾರ ಮೊದಲು, ಹೊಸದು ಆಮೇಲೆ ಇರುವ ಸ್ಟೇಟ್‌ಮೆಂಟಿಗೆ. ಹೊಸದು ಮೇಲಿರುವುದಾದರೆ, ಜೋಡಣೆ ಮುಗಿಸಿ, ನಮೂದುಗಳನ್ನು ತಿರುವುಮುರುವು ಮಾಡಿಕೊಂಡು ಆಮೇಲೆ ಸೂತ್ರ ಹಾಕಿ. ಓವರ್‌ಡ್ರಾಫ್ಟ್ ಖಾತೆಯಾದರೆ Dr ಎಂದಿರುವ ಶಿಲ್ಕಿಗೆ ಋಣ ಚಿಹ್ನೆ ಕೊಡಬೇಕು.

ಸೊನ್ನೆ ಬಾರದ ಕಡೆ ಬಂದ ಸಂಖ್ಯೆಯನ್ನೇ ಓದಿ. ಒಂದು ನಮೂದು ಎರಡೂ ಪುಟದಲ್ಲಿ ಬಂದು ಎರಡು ಸಲ ಇಳಿದಿದ್ದರೆ ವ್ಯತ್ಯಾಸ ಅದರ ಮೊತ್ತದಷ್ಟೇ ಇರುತ್ತದೆ, ನಮ್ಮ ಉದಾಹರಣೆಯಲ್ಲಿ -3150. ಖರ್ಚು ಜಮಾ ಅಂಕಣಕ್ಕೆ ಹೋಗಿದ್ದರೆ ಅದರ ಎರಡು ಪಟ್ಟು, 6300. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು, 3150 ಬದಲು 3510 ಬಿದ್ದ ಹಾಗೆ.

ಸೊನ್ನೆ ಬಂದರೂ ತಪ್ಪಿರುವ ಒಂದು ಜಾಗ

ವಿವರದ ತುಂಡು ತಪ್ಪಿದರೆ ಶಿಲ್ಕು ಹೇಳುವುದಿಲ್ಲ ಎಂದೆ. ಹಾಗೆಯೇ ಅದು ಹೇಳದ ಇನ್ನೊಂದು ತಪ್ಪಿದೆ. ಯುಪಿಐ ಪಾವತಿ ವಿಫಲವಾದಾಗ ಹಣ ಹೋಗಿ, ಅಷ್ಟೇ ಹಣ ವಾಪಸು ಬರುತ್ತದೆ. ಈ ಎರಡು ನಮೂದು ಒಂದರ ಕೆಳಗೊಂದು ಇರುವುದು ಸಾಮಾನ್ಯ. ಹೋದದ್ದು ಒಂದು ಪುಟದ ಕೊನೆಗೆ, ಬಂದದ್ದು ಮುಂದಿನ ಪುಟದ ಮೊದಲಿಗೆ ಬಿತ್ತೆನ್ನಿ. ಫೋಟೊದಲ್ಲಿ ಒಂದರ ಕೆಳ ಅಂಚು ಕತ್ತರಿಸಿಹೋಗಿ, ಇನ್ನೊಂದರ ಮೇಲೆ ಹೆಬ್ಬೆರಳು ಕೂತಿದ್ದರೆ ಎರಡೂ ನಮೂದು ಮಾಯ. ಸ್ಟೇಟ್‌ಮೆಂಟಿನಲ್ಲಿ B/F ಸಾಲು ಇಲ್ಲದಿದ್ದರೆ H ಅಂಕಣ ಉದ್ದಕ್ಕೂ ಸೊನ್ನೆಯನ್ನೇ ತೋರಿಸುತ್ತದೆ.

ಇದನ್ನು ಹಿಡಿಯಲು ಕೊನೆಯ ಪುಟದ ಒಟ್ಟು ಮೊತ್ತ ಬೇಕು. ಅಲ್ಲಿ ಒಟ್ಟು ಖರ್ಚು, ಒಟ್ಟು ಜಮಾ ಕೊಟ್ಟಿದ್ದರೆ, E ಮತ್ತು F ಅಂಕಣಗಳ ಮೊತ್ತದೊಂದಿಗೆ ಬೇರೆ ಬೇರೆಯಾಗಿ ಹೋಲಿಸಿ. ಎರಡೂ ಕಡೆ ಒಂದೇ ಮೊತ್ತ, ಉದಾಹರಣೆಗೆ ಸರಿಯಾಗಿ 1,499 ಕಡಿಮೆ ಬಂದರೆ, ಹೋಗಿ ಬಂದ ಜೋಡಿಯೊಂದು ಬಿಟ್ಟುಹೋಗಿದೆ ಎಂದೇ ತಿಳಿಯಿರಿ. ಎಲ್ಲ ಪುಟ ಮತ್ತೆ ಓದುವ ಅಗತ್ಯವಿಲ್ಲ. ಚಿತ್ರಗಳನ್ನು ಸಾಲಾಗಿ ತೆರೆದು ಕೆಳಗಿನ ಪುಟ ಸಂಖ್ಯೆ ಕಾಣದ ಚಿತ್ರ ಯಾವುದೆಂದು ನೋಡಿ. ಆ ಪುಟ ಮತ್ತು ಅದರ ಮುಂದಿನದು, ಎರಡನ್ನೂ ನಾಲ್ಕು ಅಂಚು ಕಾಣುವ ಹಾಗೆ ಮತ್ತೊಮ್ಮೆ ಫೋಟೊ ತೆಗೆದು ಕಳಿಸಲು ಅಂಗಡಿಯವರಿಗೆ ಫೋನ್ ಮಾಡಿ.