ಕರ್ಟನ್ ಬಟ್ಟೆ ಎಷ್ಟು ಮೀಟರ್ ಬೇಕು?

ದೇವರಾಜ ಅರಸು ರಸ್ತೆಗೆ ಬಟ್ಟೆ ತರಲು ಹೋಗುವ ಮುಂಚೆ ಕಿಟಕಿಯಲ್ಲ, ರಾಡ್ ಅಳೆಯಿರಿ. ಕುವೆಂಪುನಗರದ ನಮ್ಮ ಮನೆಯ ಕಿಟಕಿ 60 ಇಂಚು, ರಾಡ್ 72. ನೆರಿಗೆ ತುಂಬಿ ಬರಲು ಅದರ ಎರಡರಷ್ಟು, ಅಂದರೆ 144 ಇಂಚು ಅಗಲ ಬೇಕು. ಬಟ್ಟೆಯ ಪನ್ನ 48 ಇಂಚು, ಹಾಗಾಗಿ ಮೂರು ತುಂಡು. ಲೆಕ್ಕ ಮೂರೂಕಾಲು ಬಂದರೆ ನಾಲ್ಕೇ ತಗೊಳ್ಳಿ, ಇಲ್ಲದಿದ್ದರೆ ನೆರಿಗೆ ತೆಳುವಾಗುತ್ತದೆ.

ಇಳಿ ಉದ್ದ 60 ಇಂಚು. ಮೇಲಿನ ಮಡಿಕೆಗೆ 4, ಕೆಳಗಿನದಕ್ಕೆ 6 ಸೇರಿಸಿದರೆ 70. ಮೂರು ತುಂಡಿಗೆ 210 ಇಂಚು, ಸುಮಾರು ಐದೂಕಾಲು ಮೀಟರಿಗಿಂತ ಸ್ವಲ್ಪ ಜಾಸ್ತಿ.

ಹತ್ತಿ ಬಟ್ಟೆಯಾದರೆ 6 ಮೀಟರ್ ತಂದು, ನೆನೆಸಿ ಒಣಗಿಸಿಯೇ ಕತ್ತರಿಸಿ. ನಾನು ಹಾಗೆ ಮಾಡದೆ, ಮೊದಲ ಒಗೆತಕ್ಕೇ ಕರ್ಟನ್ ಎರಡು ಇಂಚು ಮೇಲೇರಿತ್ತು. ದೊಡ್ಡ ಹೂವಿನ ಪ್ರಿಂಟ್ ಇದ್ದರೆ, ತುಂಡುಗಳಲ್ಲಿ ಹೂವು ಸಮಕ್ಕೆ ಕೂರಲು ಇನ್ನೂ ಹೆಚ್ಚು ಬಟ್ಟೆ ಬೇಕಾಗುತ್ತದೆ.