ಅಮೆರಿಕದಲ್ಲಿ ಹಿಡಿದ ತೆರಿಗೆ ಇಲ್ಲಿ ಎಷ್ಟು ಕಳೆಯುತ್ತದೆ?

ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಅಕ್ಕನ ಹತ್ತಿರ ಅಮೆರಿಕದ ಕಂಪನಿಯೊಂದರ ಷೇರುಗಳಿವೆ. 2025-26ರಲ್ಲಿ ಅವುಗಳಿಂದ 1 ಲಕ್ಷ ರೂಪಾಯಿ ಡಿವಿಡೆಂಡ್ ಬಂತು. ಅಲ್ಲೇ ಶೇ 25 ತೆರಿಗೆ ಹಿಡಿದು, ಖಾತೆಗೆ ಹಾಕಿದ್ದು 75 ಸಾವಿರ. "25 ಸಾವಿರ ಆಗಲೇ ಕಟ್ಟಾಗಿದೆ, ಇಲ್ಲಿ ಅಷ್ಟೂ ಕಳೀತಾರೆ ಅಲ್ವಾ?" ಅಂತ ಕೇಳಿದಳು. ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಮೊದಲ ಹೆಜ್ಜೆಯಲ್ಲೇ ತಪ್ಪುವವರು ಜಾಸ್ತಿ. ರಿಟರ್ನ್‌ನಲ್ಲಿ ತೋರಿಸಬೇಕಾದ್ದು ಕೈಗೆ ಬಂದ 75 ಸಾವಿರವನ್ನಲ್ಲ, ಪೂರ್ತಿ 1 ಲಕ್ಷವನ್ನು. ಅದೂ ಸೇರಿ ಅಕ್ಕನ ಒಟ್ಟು ಆದಾಯ 16 ಲಕ್ಷ. ಹೊಸ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ 1,24,800.

ಈಗ ಇದನ್ನು 16 ಲಕ್ಷದಿಂದ ಭಾಗಿಸಿ. ಸರಾಸರಿ ದರ ಶೇ 7.8. ಅಂದರೆ ಆ 1 ಲಕ್ಷದ ಮೇಲೆ ಭಾರತದ ತೆರಿಗೆ 7,800. ಅಲ್ಲಿ ಕಟ್ಟಿದ್ದು, ಇಲ್ಲಿ ಬೀಳುವುದು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ಇಲ್ಲಿನ ತೆರಿಗೆಯಲ್ಲಿ ಕಳೆಯುತ್ತಾರೆ, ಇದೇ ಕ್ರೆಡಿಟ್. ಹಾಗಾಗಿ ಕಳೆಯುವುದು 7,800 ಮಾತ್ರ, ಅಕ್ಕ ಕಟ್ಟಬೇಕಾದ್ದು 1,17,000. ಉಳಿದ 17,200 ವಾಪಸ್ ಬರುವುದಿಲ್ಲ, ಮುಂದಿನ ವರ್ಷಕ್ಕೂ ಹೋಗುವುದಿಲ್ಲ. ನನಗೆ ನಿಜಕ್ಕೂ ಬೇಜಾರಾಗಿದ್ದು ಇಲ್ಲೇ.

"ಹಾಗಾದ್ರೆ ವಿನಾಯಿತಿ ವಿಧಾನ ಒಳ್ಳೇದಲ್ವಾ?" ಎಂದಳು. ಆ ವಿಧಾನದಲ್ಲಿ ವಿದೇಶದ ಆದಾಯಕ್ಕೆ ಇಲ್ಲಿ ತೆರಿಗೆಯೇ ಇಲ್ಲ. ಪೂರ್ತಿ ಬಿಟ್ಟರೆ 15 ಲಕ್ಷಕ್ಕೆ 1,09,200 ಕಟ್ಟಿದರೆ ಸಾಕು. ಆದರೆ ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಬೀಳದಂತೆ ದೇಶಗಳು ಮಾಡಿಕೊಂಡ ಹಲವು ಒಪ್ಪಂದಗಳಲ್ಲಿ ಒಂದು ಷರತ್ತಿರುತ್ತದೆ: ಆ ಆದಾಯವನ್ನು ಬಿಟ್ಟರೂ, ದರ ಹಿಡಿಯುವಾಗ ಸೇರಿಸುತ್ತಾರೆ. ಆಗ 15 ಲಕ್ಷಕ್ಕೆ ಶೇ 7.8, ಅಂದರೆ ಮತ್ತೆ ಅದೇ 1,17,000! ಹೊರದೇಶದ ದರ ನಮ್ಮ ಸರಾಸರಿಗಿಂತ ಜಾಸ್ತಿಯಿದ್ದಾಗ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ. ಅಲ್ಲಿನ ದರ ಶೇ 5 ಇದ್ದಿದ್ದರೆ ಮಾತ್ರ ವ್ಯತ್ಯಾಸ ಕಾಣುತ್ತಿತ್ತು: ಕ್ರೆಡಿಟ್‌ನಲ್ಲಿ ಉಳಿದ 2,800 ಇಲ್ಲಿ ಕಟ್ಟಬೇಕು, ವಿನಾಯಿತಿಯಲ್ಲಿ ಬೇಡ.

ಯಾವ ವಿಧಾನ ಎನ್ನುವುದು ನಮ್ಮ ಆಯ್ಕೆಯೂ ಅಲ್ಲ. ಭಾರತ-ಅಮೆರಿಕ ಒಪ್ಪಂದದ 25ನೇ ವಿಧಿ ಭಾರತದ ನಿವಾಸಿಗೆ ಕೊಡುವುದು ಕ್ರೆಡಿಟ್.

ಕೊನೆಯ ಕೆಲಸ, ಈ ಕ್ರೆಡಿಟ್ ಕೇಳುವ ಫಾರ್ಮ್ 67. ಇದನ್ನು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ತುಂಬಿ, ಆಮೇಲೆ ರಿಟರ್ನ್‌ನ ವಿದೇಶದ ಆದಾಯ ತೋರಿಸುವ FSI ಮತ್ತು ಅಲ್ಲಿನ ತೆರಿಗೆಯ ಕ್ರೆಡಿಟ್ ತೋರಿಸುವ TR ಶೆಡ್ಯೂಲ್‌ಗಳಲ್ಲಿ ಅದೇ ಅಂಕಿ ಹಾಕಿ. ಷೇರುಗಳನ್ನು ವಿದೇಶಿ ಆಸ್ತಿಯ FA ಶೆಡ್ಯೂಲ್‌ನಲ್ಲೂ ತೋರಿಸಬೇಕು. ಡಾಲರ್‌ನಲ್ಲಿ ಹಿಡಿದ ತೆರಿಗೆಯನ್ನು ರೂಪಾಯಿಗೆ ತಿರುಗಿಸಲು, ತೆರಿಗೆ ಹಿಡಿದ ತಿಂಗಳಿನ ಹಿಂದಿನ ತಿಂಗಳ ಕೊನೇ ದಿನದ ಎಸ್‌ಬಿಐ ಟಿಟಿ ಬೈಯಿಂಗ್ ದರ, ಅಂದರೆ ಬ್ಯಾಂಕ್ ಡಾಲರ್ ಕೊಳ್ಳುವ ದರ, ಬಳಸಿ.

ದಾಖಲೆಯಾಗಿ ಬ್ರೋಕರ್ ಕೊಡುವ, ಅಲ್ಲಿ ಹಿಡಿದ ತೆರಿಗೆಯ ಲೆಕ್ಕವಿರುವ 1042-S ಫಾರ್ಮ್ ಲಗತ್ತಿಸುತ್ತಾರೆ. ಅದು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಸುಮ್ನೆ ಅದರ ಒಟ್ಟು ಮೊತ್ತವನ್ನೇ ಎತ್ತಿ ಬರೆದರೆ ವರ್ಷ ಕಲಸಿಹೋಗುತ್ತದೆ. ಅಕ್ಕ ತಿಂಗಳ ಸ್ಟೇಟ್‌ಮೆಂಟ್‌ಗಳನ್ನು ಇಳಿಸಿಕೊಂಡು, ಒಂದೊಂದು ಡಿವಿಡೆಂಡ್ ಪಕ್ಕದಲ್ಲೂ ಪೆನ್ಸಿಲಿನಲ್ಲಿ ದಿನಾಂಕ, ಹಿಡಿದ ತೆರಿಗೆ, ಹಿಂದಿನ ತಿಂಗಳ ಕೊನೇ ದಿನದ ದರ ಬರೆದಳು. ಆ ಒಂದೇ ಹಾಳೆಯಿಂದ ಇಡೀ ಫಾರ್ಮ್ ತುಂಬಿದೆವು.